ತೊಲೆಯ ಮೇಲಿನ ಇಸವಿ ಓದಲು ಟ್ರೈಪಾಡ್ ಬೇಡ, ಕೈಯೇ ಸಾಕು

ಪ್ರಶ್ನೆ: ನಾಪೋಕ್ಲು ಹತ್ತಿರದ ನಮ್ಮ ಐನ್‌ಮನೆಯಲ್ಲಿ ಎತ್ತರದ ತೊಲೆಯೊಂದರ ಮೇಲೆ ಮನೆ ಕಟ್ಟಿದ ಇಸವಿ ಕೆತ್ತಿದ್ದಾರೆ. ದೊಡ್ಡಪ್ಪ ಅದು ೧೮೬೭ ಅನ್ನುತ್ತಾರೆ, ಅತ್ತೆ ೧೮೯೭ ಅನ್ನುತ್ತಾರೆ. ಅಂಕಿ ಒಂದೂವರೆ ಸೆಂಟಿಮೀಟರ್ ಎತ್ತರ ಇರಬಹುದು. ಮರಕ್ಕೆ ಗೆದ್ದಲು ಹಿಡಿದಿರುವುದರಿಂದ ಏಣಿ ಒರಗಿಸಲು ಬಿಡುತ್ತಿಲ್ಲ. ಅಂಕಿ ಎದುರಿಗೆ ಕಾಣುವ ಜಾಗ ಆರು ಮೀಟರ್ ದೂರದಲ್ಲಿದೆ. ಫೋನನ್ನು ಟ್ರೈಪಾಡಿಗೆ ಹಾಕಿ 20 ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದೆ. ಕಾಳುಕಾಳು ಹೋಯಿತು, ಅಕ್ಷರ ಮಾತ್ರ ಹಾಗೇ ಇದೆ. ಚಿತ್ರ ದೊಡ್ಡದು ಮಾಡುವ ಆ್ಯಪ್‌ಗೆ ಹಾಕಿದರೆ ಚೊಕ್ಕವಾಗಿ ೯ ಕಾಣುತ್ತದೆ. ನಂಬಬಹುದೇ? ಹಲವು ಚಿತ್ರ ಸೇರಿಸಿದರೆ ನಿಜವಾದ ವಿವರ ಸಿಗುತ್ತದೆ ಅನ್ನುವುದು ಸರಿಯೇ?

ಉತ್ತರ: ಆ ೯ನ್ನು ಸದ್ಯಕ್ಕೆ ಮನೆಯಲ್ಲಿ ಯಾರಿಗೂ ತೋರಿಸಬೇಡಿ. ಆ ಬಗೆಯ ಆ್ಯಪ್ ಮಸುಕು ಗೆರೆಯನ್ನು ನೋಡಿ, ತಾನು ಹಿಂದೆ ಕಂಡ ಆಕಾರಗಳಲ್ಲಿ ಇದು ಯಾವುದಕ್ಕೆ ಹತ್ತಿರ ಎಂದು ಊಹಿಸಿ ಹೊಸ ಗೆರೆ ಎಳೆಯುತ್ತದೆ. ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಕೆಳಗಿನ ಬಾಲದ ತಿರುವಿನಲ್ಲಿ ಮಾತ್ರ. ಅಷ್ಟು ಸಣ್ಣ ತಿರುವನ್ನು ಆ್ಯಪ್ ಆರಿಸಿಕೊಂಡಿತೇ ಹೊರತು ನಿಮ್ಮ ತೊಲೆಯಿಂದ ತೆಗೆದುಕೊಳ್ಳಲಿಲ್ಲ. ಹಲವು ಚಿತ್ರಗಳನ್ನು ಸೇರಿಸುವ ದಾರಿ ಬೇರೆ. ಅಲ್ಲಿ ಸಿಗುವ ವಿವರ ನಿಜವಾಗಿಯೂ ಮರದ ಮೇಲಿಂದ ಬಂದದ್ದು. ನಿಮಗೆ ಅದು ಸಿಗದೇ ಹೋದದ್ದಕ್ಕೆ ಕಾರಣ ಟ್ರೈಪಾಡ್.

ಮೊದಲು ನಿಮ್ಮ ಅಂಕಿ ಸೆನ್ಸರಿನ ಮೇಲೆ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂದು ಲೆಕ್ಕ ಹಾಕೋಣ. 12 ಮೆಗಾಪಿಕ್ಸೆಲ್ ಚಿತ್ರ ಕೊಡುವ ಒಂದು ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಲೆನ್ಸಿನ ನಾಭಿದೂರ ಸುಮಾರು 4.4 ಮಿಲಿಮೀಟರ್, ಒಂದು ಪಿಕ್ಸೆಲ್‌ನ ಅಗಲ 1.4 ಮೈಕ್ರಾನ್. ಆರು ಮೀಟರ್ ದೂರದಲ್ಲಿ ಆ ಒಂದು ಪಿಕ್ಸೆಲ್ ತೊಲೆಯ ಮೇಲೆ 1.9 ಮಿಲಿಮೀಟರ್ ಜಾಗವನ್ನು ನೋಡುತ್ತದೆ. ಅಂದರೆ ನಿಮ್ಮ ಅಂಕಿಯ ಎತ್ತರ ಎಂಟು ಪಿಕ್ಸೆಲ್. ಉಳಿಯ ಗೀರು ಎರಡು ಮಿಲಿಮೀಟರ್ ಅಗಲ ಇದ್ದರೆ ಅದು ಒಂದೇ ಒಂದು ಪಿಕ್ಸೆಲ್. ಬಾಲಕ್ಕೂ ಒಡಲಿಗೂ ನಡುವಿನ ಸಂದಿಯೂ ಹೆಚ್ಚುಕಡಿಮೆ ಅಷ್ಟೇ.

ಬಣ್ಣದ ವಿಚಾರ ಇದಕ್ಕಿಂತ ಬಿಗಿ. ಸೆನ್ಸರಿನ ಪ್ರತಿ ಪಿಕ್ಸೆಲ್ ಮೇಲೆ ಒಂದು ಬಣ್ಣದ ಗಾಜು ಕೂತಿರುತ್ತದೆ: ಅರ್ಧ ಪಿಕ್ಸೆಲ್‌ಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಇನ್ನು ಕಾಲು ಭಾಗಕ್ಕೆ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಹಾಗಾಗಿ ಕೆಂಪು ಬೆಳಕಿನ ಅಳತೆ ಒಂದು ಪಿಕ್ಸೆಲ್ ಬಿಟ್ಟು ಒಂದರಲ್ಲಿ, ನಿಮ್ಮ ತೊಲೆಯ ಮೇಲೆ 3.8 ಮಿಲಿಮೀಟರಿಗೊಮ್ಮೆ ಮಾತ್ರ ಆಗುತ್ತದೆ. ನಡುವೆ ಖಾಲಿ ಇರುವುದನ್ನು ಫೋನು ಅಕ್ಕಪಕ್ಕ ನೋಡಿ ತುಂಬುತ್ತದೆ. ಒಂದೇ ಚಿತ್ರದಲ್ಲಿ ನೀವು ನೋಡುವ ಬಣ್ಣದ ಮೂರರಲ್ಲಿ ಎರಡು ಪಾಲು ಹೀಗೆ ತುಂಬಿದ್ದು.

ಈಗ ಆ ಸಂದಿಯನ್ನೇ ಹತ್ತಿರದಿಂದ ನೋಡಿ. ಪಿಕ್ಸೆಲ್ ಸರಿಯಾಗಿ ಸಂದಿಯ ಮೇಲೆ ಕೂತರೆ ಅದೊಂದು ತಿಳಿಯಾಗಿ, ಎರಡೂ ಪಕ್ಕದವು ಗೀರಿನ ನೆರಳಿನಿಂದ ಕಪ್ಪಾಗಿ ಬರುತ್ತವೆ. ಸಂದಿ ಕಾಣುತ್ತದೆ. ಅದೇ ಪಿಕ್ಸೆಲ್ ಅರ್ಧ ಸರಿದು ಕೂತರೆ ಅದರೊಳಗೆ ಅರ್ಧ ಸಂದಿ, ಅರ್ಧ ಗೀರು. ಪಕ್ಕದ್ದರಲ್ಲೂ ಅದೇ ಕಥೆ. ಎರಡೂ ಒಂದೇ ಬೂದು ಬಣ್ಣ ಕೊಡುತ್ತವೆ, ಸಂದಿ ಮಾಯ, ಬಾಲ ಒಡಲಿಗೆ ಅಂಟಿಕೊಂಡಂತೆ ಕಾಣುತ್ತದೆ. ಮರ ಬದಲಾಗಲಿಲ್ಲ, ಪಿಕ್ಸೆಲ್ ಎಲ್ಲಿ ಕೂತಿತು ಎಂಬುದಷ್ಟೇ ಬದಲಾಯಿತು. ದೊಡ್ಡಪ್ಪನವರೂ ಅತ್ತೆಯವರೂ ಬೇರೆ ಬೇರೆ ಫೋಟೊ ನೋಡಿ ವಾದಿಸುತ್ತಿದ್ದರೆ ಇಬ್ಬರ ಕಣ್ಣಿಗೂ ಬಿದ್ದದ್ದು ನಿಜವೇ ಇರಬಹುದು.

ಟ್ರೈಪಾಡಿನ ಮೇಲೆ ಏನಾಗುತ್ತದೆ? ಇಪ್ಪತ್ತು ಸಲವೂ ಪ್ರತಿ ಪಿಕ್ಸೆಲ್ ಅದೇ ಜಾಗದಲ್ಲಿ ಕೂರುತ್ತದೆ. ಸಂದಿ ಅರ್ಧಕ್ಕೆ ಬಿದ್ದಿದ್ದರೆ ಇಪ್ಪತ್ತು ಸಲವೂ ಅರ್ಧಕ್ಕೇ ಬೀಳುತ್ತದೆ. ಕೂಡಿಸಿದಾಗ ಕಾಳು ಮಾತ್ರ ತಗ್ಗುತ್ತದೆ: ಇಪ್ಪತ್ತರ ವರ್ಗಮೂಲದಷ್ಟು, ಸುಮಾರು ನಾಲ್ಕೂವರೆ ಪಟ್ಟು. ನೀವು ಕಂಡದ್ದು ಅದನ್ನೇ. ಬಿದಿರ ತಟ್ಟಿಯ ಹಿಂದೆ ಅಲ್ಲಾಡದೆ ನಿಂತು ಕಾಫಿ ಕಣವನ್ನು ಎಷ್ಟು ಹೊತ್ತು ನೋಡಿದರೂ ಅದೇ ಸೀಳುಗಳಷ್ಟೇ ಕಾಣುತ್ತವೆ. ತಲೆಯನ್ನು ಒಂದು ಬೆರಳಿನಷ್ಟು ಆಚೀಚೆ ಮಾಡಿದರೆ ಕಣದಲ್ಲಿ ಯಾರಿದ್ದಾರೆ ಎಂದು ಪೂರ್ತಿ ಗೊತ್ತಾಗುತ್ತದೆ.

ಆ ಆಚೀಚೆಯನ್ನು ಕೈ ತಾನಾಗಿಯೇ ಕೊಡುತ್ತದೆ. ಆರೋಗ್ಯವಂತರ ಕೈಯೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸಣ್ಣಗೆ ನಡುಗುತ್ತಿರುತ್ತದೆ. ಒಂದು ಪಿಕ್ಸೆಲ್‌ನಷ್ಟು ಸರಿಯಲು ಫೋನು ಡಿಗ್ರಿಯ ಐವತ್ತನೇ ಒಂದು ಭಾಗ ತಿರುಗಿದರೂ ಸಾಕು. ಫೋನನ್ನು ಕೈಯಲ್ಲಿ ಹಿಡಿದು ಒಂದರ ಹಿಂದೊಂದು ಬೇಗಬೇಗ ತೆಗೆದ ಸಾಲಿನಲ್ಲಿ, ಅಂದರೆ ಬರ್ಸ್ಟ್‌ನಲ್ಲಿ, ಚಿತ್ರಗಳು ಹಲವು ಪಿಕ್ಸೆಲ್ ಜರುಗುತ್ತವೆ, ಅದರ ಭಿನ್ನಾಂಶದ ಭಾಗ ಎಲ್ಲೆಲ್ಲೋ ಹರಡಿ ಬೀಳುತ್ತದೆ. ನಮಗೆ ಬೇಕಾದದ್ದು ಆ ಭಿನ್ನಾಂಶ. ನಾಲ್ಕು ಪೂರ್ಣ ಪಿಕ್ಸೆಲ್ ಸರಿದರೆ ಹೊಸದೇನೂ ಇಲ್ಲ, ನಾಲ್ಕೂವರೆ ಸರಿದರೆ ಇದೆ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 3 ಫೋನಿನ ಜೂಮ್‌ಗೆ ಇದನ್ನೇ ಬಳಸಿತು. ಫೋನು ಗಟ್ಟಿಯಾಗಿ ನಿಂತಿದ್ದರೆ ಅಲುಗಾಟ ತಡೆಯುವ ಲೆನ್ಸ್ ಯಂತ್ರವನ್ನು ಬೇಕೆಂದೇ ಚೂರು ಚೂರು ಸರಿಸುವ ವ್ಯವಸ್ಥೆಯನ್ನೂ ಅದರಲ್ಲಿ ಇಟ್ಟಿದ್ದರು. ಈ ಚಿಂತನೆ ಇನ್ನೂ ಹಳೆಯದು. 1984ರಲ್ಲೇ ತ್ಸಾಯ್ ಮತ್ತು ಹುವಾಂಗ್ ಇದರ ಗಣಿತ ಬರೆದಿದ್ದರು. ಹಬಲ್ ದೂರದರ್ಶಕದ ಚಿತ್ರಗಳನ್ನೂ ಇದೇ ತರ್ಕದಿಂದ, ಸ್ವಲ್ಪ ಸ್ವಲ್ಪ ಸರಿದ ಹಲವು ಚಿತ್ರಗಳನ್ನು ಸಣ್ಣ ಚೌಕಗಳ ಮೇಲೆ ಸುರಿದು, ಜೋಡಿಸುತ್ತ ಬಂದಿದ್ದಾರೆ.

ಎಲ್ಲದಕ್ಕಿಂತ ಕಷ್ಟದ ಕೆಲಸ ಯಾವ ಚಿತ್ರ ಎಷ್ಟು ಸರಿದಿದೆ ಎಂದು ಪಿಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ತಿಳಿಯುವುದು. ಪಿಕ್ಸೆಲ್‌ಗಿಂತ ಸಣ್ಣದನ್ನು ಪಿಕ್ಸೆಲ್‌ನಿಂದಲೇ ಅಳೆಯುವುದು ಹೇಗೆ ಎಂದು ಅನ್ನಿಸುವುದು ಸಹಜ. ತೊಲೆಯ ಅಂಚಿನಲ್ಲಿ ಒಂದು ಪಿಕ್ಸೆಲ್‌ನ ಹೊಳಪು 40, ಮುಂದಿನದು 100 ಎಂದುಕೊಳ್ಳಿ. ಅಲ್ಲಿ ಒಂದು ಪಿಕ್ಸೆಲ್ ನಡೆದರೆ ಹೊಳಪು 60 ಏರುತ್ತದೆ. ಎರಡನೇ ಚಿತ್ರದಲ್ಲಿ ಅದೇ ಜಾಗದಲ್ಲಿ 40ರ ಬದಲು 55 ಬಂದರೆ ಏರಿದ್ದು 15, ಅರವತ್ತರಲ್ಲಿ ಕಾಲು ಪಾಲು. ಹಾಗಾದರೆ ಚಿತ್ರ ಕಾಲು ಪಿಕ್ಸೆಲ್ ಸರಿದಿದೆ. ಒಂದೇ ಪಿಕ್ಸೆಲ್‌ನ ಮಾತು ಕಾಳಿನಿಂದಾಗಿ ನಂಬುವಂತಿರುವುದಿಲ್ಲ, ಆದರೆ ಸಾವಿರಾರು ಪಿಕ್ಸೆಲ್‌ಗಳು ಹೀಗೆ ಮತ ಹಾಕಿದರೆ ಉತ್ತರ ಗಟ್ಟಿಯಾಗುತ್ತದೆ. ಲೂಕಸ್ ಮತ್ತು ಕಾನಾಡೆ 1981ರಲ್ಲಿ ಕೊಟ್ಟ ವಿಧಾನದ ತಿರುಳು ಇದೇ, ಇವತ್ತಿಗೂ ಫೋನುಗಳ ಒಳಗೆ ಅದು ಓಡುತ್ತಿದೆ.

ತೊಲೆಯ ಚಿತ್ರ ಇಲ್ಲೇ ಕೈಕೊಡುವುದು. ಉದ್ದದ ತೊಲೆಯ ಮೇಲಂಚು ಕೆಳಗಂಚು ಎರಡೂ ಅಡ್ಡ ಗೆರೆಗಳು. ಚಿತ್ರ ಮೇಲೆ ಕೆಳಗೆ ಸರಿದರೆ ಅವು ಚೆನ್ನಾಗಿ ಹೇಳುತ್ತವೆ. ಎಡಕ್ಕೆ ಬಲಕ್ಕೆ ಸರಿದರೆ ಅಡ್ಡ ಗೆರೆ ತನ್ನ ಮೇಲೆ ತಾನೇ ಜಾರುತ್ತದೆ, ಏನೂ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಆಗ ಒಂದು ಉತ್ತರ ಕೊಟ್ಟೇ ಕೊಡುತ್ತದೆ, ಅದು ತಪ್ಪಾಗಿರುತ್ತದೆ. ಕೂಡಿಸಿದ ಚಿತ್ರದಲ್ಲಿ ತೊಲೆಯ ಅಂಚು ಚೂಪಾಗಿ, ಅಂಕಿ ಮಾತ್ರ ಅಡ್ಡಕ್ಕೆ ಕದಡಿದಂತೆ ಕಂಡರೆ ಕಾರಣ ಇದೇ. ಆದ್ದರಿಂದ ಜೋಡಣೆಗೆ ಬಳಸುವ ತುಂಡಿನಲ್ಲಿ ನಿಂತ ಗೆರೆಗಳೂ ಇರಬೇಕು: ಕಂಬ ತೊಲೆಗೆ ಕೂಡುವ ಜಾಗ, ಮೊಳೆಯ ತಲೆ, ಕೆತ್ತಿದ ಹೂವು, ಮರದ ಬಿರುಕು, ಏನಾದರೂ ಸರಿ.

ಹಾಗೆಂದು ಇಡೀ ಕೋಣೆಯನ್ನು ಸೇರಿಸಿಕೊಳ್ಳಬೇಡಿ. ನಡುಮನೆಯ ತೂಗುದೀಪ ನಿಮಗೆ ಮೂರು ಮೀಟರ್ ದೂರದಲ್ಲಿದೆ ಎನ್ನೋಣ. ಕೈ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ತೊಲೆ ಒಂದು ಪಿಕ್ಸೆಲ್ ಸರಿಯುತ್ತದೆ, ದೀಪ ಎರಡು ಪಿಕ್ಸೆಲ್. ಎರಡಕ್ಕೂ ಒಂದೇ ಉತ್ತರ ಹುಡುಕಿದರೆ ಎರಡೂ ಹಾಳು. ಫೋನು ಗಡಿಯಾರದ ಮುಳ್ಳಿನಂತೆ ಚೂರು ತಿರುಗಿದರೂ ಹೀಗೇ. ಡಿಗ್ರಿಯ ಇಪ್ಪತ್ತನೇ ಒಂದು ಭಾಗ ತಿರುಗಿದರೆ ಚಿತ್ರದ ನಡುವೆ ಏನೂ ಆಗದು, 1500 ಪಿಕ್ಸೆಲ್ ಆಚೆಗೆ ಒಂದು ಪಿಕ್ಸೆಲ್‌ಗೂ ಮೀರಿ ತಪ್ಪುತ್ತದೆ. ಅಂಕಿಯನ್ನು ಚಿತ್ರದ ನಡುವೆ ಇಟ್ಟು ತೆಗೆಯಿರಿ, ಆಮೇಲೆ ತೊಲೆಯ ಆ ಭಾಗವನ್ನು ಮಾತ್ರ ಕತ್ತರಿಸಿ ಜೋಡಿಸಿ.

ಈಗ ತೆಗೆಯುವ ಬಗೆ. ರಾ ಕಡತ, ಅಂದರೆ ಡಿಎನ್‌ಜಿ, ಬೇಕೇ ಬೇಕು. ಜೆಪೆಗ್ ಆಗುವಷ್ಟರಲ್ಲಿ ಫೋನು ಕಾಳು ಒರೆಸಿ, ಅಂಚು ತೀಡಿ, ನಾವು ಹುಡುಕುವ ಸೂಕ್ಷ್ಮ ವ್ಯತ್ಯಾಸವನ್ನೇ ಅಳಿಸಿರುತ್ತದೆ. ಕೆಲವು ಫೋನುಗಳು ರಾ ಎಂಬ ಹೆಸರಿನಲ್ಲಿ ಆಗಲೇ ಹಲವು ಚಿತ್ರ ಸೇರಿಸಿದ ಕಡತ ಕೊಡುತ್ತವೆ. ಅದಲ್ಲ, ಸೆನ್ಸರಿನಿಂದ ನೇರ ಬಂದದ್ದು ಬೇಕು. ಕ್ಯಾಮೆರಾ ಆ್ಯಪ್‌ನಲ್ಲಿ ಫೋಕಸ್, ಐಎಸ್‌ಒ, ಶಟರ್ ಮೂರನ್ನೂ ಕೈಯಿಂದ ಕಟ್ಟಿಹಾಕಿ.

ಶಟರ್ ವಿಚಾರದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಐನ್‌ಮನೆಯ ಒಳಗೆ, ಅದೂ ಕಕ್ಕಡದ ಮಳೆಗಾಲದಲ್ಲಿ, ಬೆಳಕು ಕಡಿಮೆ. ಫೋನು ತಾನಾಗಿ ಸೆಕೆಂಡಿನ ಹದಿನೈದನೇ ಭಾಗಕ್ಕೆ ಇಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಕೈ ನಡುಗಿ ಪ್ರತಿ ಚಿತ್ರವೂ ಒಳಗೊಳಗೇ ಬಳಿದುಕೊಳ್ಳುತ್ತದೆ. ಚಿತ್ರಗಳ ನಡುವೆ ಆದ ಚಲನೆ ನಮಗೆ ಲಾಭ, ಒಂದೇ ಚಿತ್ರದ ಒಳಗೆ ಆದ ಚಲನೆ ನಷ್ಟ, ಆ ನಷ್ಟವನ್ನು ಎಷ್ಟು ಚಿತ್ರ ಸೇರಿಸಿದರೂ ತುಂಬಲಾಗದು. 1/125 ಅಥವಾ ಇನ್ನೂ ಚುರುಕಾಗಿ ಇಡಿ, ಐಎಸ್‌ಒ ಏರಿದರೆ ಏರಲಿ. ಕಾಳು ಬರುತ್ತದೆ, ಅದು ಕೂಡಿಸಿದಾಗ ಹೋಗುತ್ತದೆ. ಬೆಳಕಿಗೆ ಒಂದು ಟಾರ್ಚನ್ನು ತೊಲೆಯ ಉದ್ದಕ್ಕೂ ಓರೆಯಾಗಿ ಬೀಳುವಂತೆ ಎಲ್ಲಾದರೂ ಇಟ್ಟುಬಿಡಿ. ಓರೆ ಬೆಳಕಿನಲ್ಲಿ ಕೆತ್ತನೆಯ ನೆರಳು ಎದ್ದು ಬರುತ್ತದೆ. ಟಾರ್ಚನ್ನು ಯಾರ ಕೈಗೂ ಕೊಡಬೇಡಿ. ಬೆಳಕು ಅಲುಗಿದರೆ ನೆರಳು ಅಲುಗುತ್ತದೆ, ಜೋಡಿಸುವ ಲೆಕ್ಕ ಅದನ್ನು ಫೋನಿನ ಚಲನೆ ಎಂದೇ ತಿಳಿಯುತ್ತದೆ.

ಎಷ್ಟು ಚಿತ್ರ? ಹಸಿರು, ಕೆಂಪು, ನೀಲಿ ಮೂರಕ್ಕೂ ಎರಡು ಪಟ್ಟು ಸಣ್ಣ ಚೌಕಗಳು ತುಂಬಬೇಕು. ಕೆಂಪು ಅಳತೆಗಳು ಮೊದಲೇ ಎರಡು ಪಿಕ್ಸೆಲ್‌ಗೊಂದರಂತೆ ವಿರಳವಾಗಿರುವುದರಿಂದ, ಎಲ್ಲ ಸರಿಯಾಗಿ ಬಿದ್ದರೂ ಹದಿನಾರು ಬೇರೆ ಬೇರೆ ಸ್ಥಾನ ಬೇಕು. ಕೈ ಲೆಕ್ಕ ಹಾಕಿ ನಡುಗುವುದಿಲ್ಲವಾದ್ದರಿಂದ ಮೂವತ್ತು ತೆಗೆಯಿರಿ. ಮಸುಕಾದ ನಾಲ್ಕೈದನ್ನು ಕಣ್ಣಳತೆಯಲ್ಲಿ ತೆಗೆದುಹಾಕಿ.

ಅತ್ಯುತ್ತಮ ದಾರಿಯೆಂದರೆ ರಾ ಅಳತೆಗಳನ್ನು ಬಣ್ಣ ತುಂಬುವ ಮೊದಲೇ, ಕೆಂಪನ್ನು ಕೆಂಪಿನ ಜಾಗಕ್ಕೆ ಹಸಿರನ್ನು ಹಸಿರಿನ ಜಾಗಕ್ಕೆ, ಸಣ್ಣ ಚೌಕಗಳ ಮೇಲೆ ನೇರ ಇಡುವುದು. ಕೆಲವು ಫೋನುಗಳು ಹಾಗೇ ಮಾಡುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಸುಲಭವಾಗಿ ಆಗುವುದು ಅದರ ಒರಟು ರೂಪ, ನಿಮ್ಮ ಅಂಕಿಗೆ ಅದೂ ಬಹಳ ಮಟ್ಟಿಗೆ ಸಾಕು. ರಾ ಕಡತಗಳನ್ನು ಕಾಳು ಒರೆಸದೆ, ಅಂಚು ತೀಡದೆ 16 ಬಿಟ್ ಟಿಫ್ ಮಾಡಿಕೊಂಡು, `t_01.tif` ಎಂಬಂತೆ ಹೆಸರಿಟ್ಟು, ಪ್ರತಿಯೊಂದರ ನಕಲು ಇಟ್ಟುಕೊಂಡು (ಕೆಳಗಿನ `mogrify` ಮೂಲ ಕಡತದ ಮೇಲೇ ಬರೆಯುತ್ತದೆ) ಹೀಗೆ ಮಾಡಿ:

```
magick mogrify -crop 1200x800+1400+1100 +repage t_*.tif
magick mogrify -filter Lanczos -resize 200% t_*.tif
align_image_stack -s 0 -c 20 -a al_ t_*.tif
magick al_*.tif -evaluate-sequence mean out.tif
```

`magick` ಎಂಬುದು ಇಮೇಜ್‌ಮ್ಯಾಜಿಕ್ ತಂತ್ರಾಂಶದ ಆದೇಶ. ಮೊದಲ ಸಾಲು ತೊಲೆಯ ತುಂಡನ್ನು ಕತ್ತರಿಸುತ್ತದೆ, ಅಂಕಿಗಳನ್ನು ನಿಮ್ಮ ಚಿತ್ರಕ್ಕೆ ತಕ್ಕಂತೆ ಬದಲಿಸಿ, ಸುತ್ತ ನೂರು ಪಿಕ್ಸೆಲ್ ಹೆಚ್ಚೇ ಬಿಡಿ. ಎರಡನೆಯದು ಹಿಗ್ಗಿಸುತ್ತದೆ. ಮೂರನೆಯದು ಹ್ಯೂಗಿನ್ ಎಂಬ ಪನೋರಮಾ ತಂತ್ರಾಂಶದ ಜೊತೆಗೆ ಬರುವ ಜೋಡಣೆಯ ಸಾಧನ, ಅದು ಫೋನು ತಿರುಗಿದ್ದನ್ನೂ ಸರಿಪಡಿಸುತ್ತದೆ. ಹಿಗ್ಗಿಸುವ ಕೆಲಸ ಜೋಡಣೆಗಿಂತ ಮೊದಲೇ ಆಗಬೇಕು. ಆಗ ಮಾತ್ರ ಅರ್ಧ ಪಿಕ್ಸೆಲ್ ಚಲನೆಗೆ ಕೂರಲು ಜಾಗ ಇರುತ್ತದೆ.

ಬರೀ ಹಿಗ್ಗಿಸಿ ಸರಾಸರಿ ಮಾಡಿದರೆ ವಿವರ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ಟಿವಿಯಲ್ಲಿ ಸಣ್ಣ ಗೆರೆಯ ಶರ್ಟು ತೊಟ್ಟವರು ಬಂದಾಗ ಬಟ್ಟೆಯ ಮೇಲೆ ಬಣ್ಣದ ಅಲೆ ಏಳುವುದನ್ನು ನೋಡಿರುತ್ತೀರಿ. ಪಿಕ್ಸೆಲ್‌ಗಿಂತ ಸೂಕ್ಷ್ಮವಾದ ವಿವರ ಕಳೆದುಹೋಗುವುದಿಲ್ಲ, ಹಾಗೆ ಸುಳ್ಳು ಅಲೆಯಾಗಿ ವೇಷ ಬದಲಿಸುತ್ತದೆ. ಪ್ರತಿ ಚಿತ್ರದಲ್ಲೂ ನಿಜವಾದ ವಿವರವೂ ಇದೆ, ಸುಳ್ಳು ಅಲೆಯೂ ಇದೆ. ಚಿತ್ರ ಭಿನ್ನಾಂಶದಷ್ಟು ಸರಿದಾಗ ನಿಜವಾದದ್ದು ತೊಲೆಯ ಜೊತೆಗೇ ಸರಿಯುತ್ತದೆ, ಸುಳ್ಳು ಅಲೆ ಬೇರೊಂದು ಲೆಕ್ಕದಲ್ಲಿ ಜರುಗುತ್ತದೆ. ತೊಲೆಯನ್ನು ತೊಲೆಯ ಮೇಲೆ ಕೂರಿಸಿ ಕೂಡಿಸಿದಾಗ ನಿಜ ಒಂದರ ಮೇಲೊಂದು ಬಿದ್ದು ಗಟ್ಟಿಯಾಗುತ್ತದೆ, ಸುಳ್ಳು ಒಂದನ್ನೊಂದು ಹೊಡೆದುಹಾಕುತ್ತದೆ. ಹೀಗೆ ಬಂದ ಚಿತ್ರ ಚೂಪಾಗಿರದೆ ಸ್ವಲ್ಪ ಮಂದವಾಗಿರುತ್ತದೆ. ಕೊನೆಯಲ್ಲಿ ಹದವಾಗಿ ತೀಡಿದರೆ ವಿವರ ಮೇಲೆ ಬರುತ್ತದೆ. ತೀಡುವುದು ಅತಿಯಾದರೆ ಗೀರಿನ ಸುತ್ತ ಬಿಳಿ ಅಂಚು ಹುಟ್ಟಿ, ಇಲ್ಲದ ಸಂದಿ ಕಾಣತೊಡಗುತ್ತದೆ. ನಿಮ್ಮ ಪ್ರಶ್ನೆಯೇ ಸಂದಿಯ ಕುರಿತು ಇರುವುದರಿಂದ ಇಲ್ಲಿ ಕೈ ಬಿಗಿಹಿಡಿಯಿರಿ.

ಎಷ್ಟು ಗಳಿಸಬಹುದು ಎಂಬುದಕ್ಕೆ ಮಿತಿ ಇದೆ. ಪಿಕ್ಸೆಲ್ ಒಂದು ಚುಕ್ಕಿಯಲ್ಲ, ಒಂದು ಚೌಕ. ತನ್ನೊಳಗೆ ಬಿದ್ದ ಬೆಳಕನ್ನೆಲ್ಲ ಅದು ಕಲಸಿಯೇ ಅಳೆಯುತ್ತದೆ. ಆ ಕಲಸುವಿಕೆಯಿಂದಾಗಿ ಎರಡು ಪಟ್ಟಿಗೆ ಬರುವಷ್ಟರಲ್ಲಿ ಉಳಿಯುವ ವಿವರ ಸೊನ್ನೆಗೆ ಇಳಿಯುತ್ತದೆ. ನಡೆಯುವ ವ್ಯವಹಾರದಲ್ಲಿ ಒಂದೂವರೆ ಪಟ್ಟು ಸಿಕ್ಕರೆ ಒಳ್ಳೆಯ ಫಲ. ನಿಮ್ಮ ತೊಲೆಯ ಮೇಲೆ ಅದು 1.9 ಮಿಲಿಮೀಟರಿನಿಂದ ಸುಮಾರು 1.3ಕ್ಕೆ ಇಳಿದಂತೆ. ಎರಡು ಮಿಲಿಮೀಟರ್ ಸಂದಿಗೆ ಅದು ಹೇಳಿಮಾಡಿಸಿದಂತಿದೆ, ಅರ್ಧ ಮಿಲಿಮೀಟರ್ ಗೀರಾಗಿದ್ದರೆ ಏನೂ ಆಗುತ್ತಿರಲಿಲ್ಲ. ಹತ್ತು ಪಟ್ಟು ಎಂದು ಯಾರಾದರೂ ಹೇಳಿದರೆ ಅದು ಊಹೆಯ ಗೆರೆ.

ನಿಮ್ಮ ಫೋನಿನಲ್ಲಿ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಮೊದಲು ಅದರಲ್ಲೇ ತೆಗೆಯಿರಿ, ಗಾಜಿನಿಂದ ಬರುವ ವಿವರಕ್ಕೆ ಸಾಟಿಯಿಲ್ಲ. ಆದರೆ ಅದರ ಮೇಲೆ ಈ ಬರ್ಸ್ಟ್ ವಿದ್ಯೆ ಹೆಚ್ಚು ಕೆಲಸ ಮಾಡಲಾರದು. ಬೆಳಕಿಗೆ ತನ್ನದೇ ಆದ ಹರಡುವ ಗುಣವಿದೆ. f/1.8 ಲೆನ್ಸಿನಲ್ಲಿ ಒಂದು ಬೆಳಕಿನ ಚುಕ್ಕಿ 2.4 ಮೈಕ್ರಾನ್ ಅಗಲದ ಬಿಲ್ಲೆಯಾಗುತ್ತದೆ, f/2.8ರಲ್ಲಿ 3.8 ಮೈಕ್ರಾನ್. ಟೆಲಿ ಸೆನ್ಸರಿನ ಪಿಕ್ಸೆಲ್ ಒಂದು ಮೈಕ್ರಾನ್ ಇದ್ದರೆ ಆ ಬಿಲ್ಲೆ ನಾಲ್ಕು ಪಿಕ್ಸೆಲ್ ಮೇಲೆ ಕೂರುತ್ತದೆ. ಅಲ್ಲಿ ಪಿಕ್ಸೆಲ್ ನಡುವೆ ಅಡಗಿದ ವಿವರ ಬಹಳ ಕಡಿಮೆ, ಕೂಡಿಸಿದರೆ ಮುಖ್ಯವಾಗಿ ಕಾಳು ಕಡಿಮೆಯಾಗುತ್ತದೆ.

ಬಂದ ಚಿತ್ರ ನಿಜವೋ ಅಲ್ಲವೋ ತಿಳಿಯಲು ಎರಡು ಪರೀಕ್ಷೆ ಮಾಡಿ. ಮೂವತ್ತು ಚಿತ್ರಗಳನ್ನು ಸಮ ಸಂಖ್ಯೆ ಬೆಸ ಸಂಖ್ಯೆ ಎಂದು ಎರಡು ಗುಂಪು ಮಾಡಿ, ಬೇರೆ ಬೇರೆಯಾಗಿ ಕೂಡಿಸಿ. ಬಾಲದ ತಿರುವು ಎರಡರಲ್ಲೂ ಒಂದೇ ಥರ ಬಂದರೆ ಅದು ಕಾಳಿನ ಆಟವಲ್ಲ. ಒಂದರಲ್ಲಿ ಅಂಟಿ ಇನ್ನೊಂದರಲ್ಲಿ ಬಿಟ್ಟುಕೊಂಡಿದ್ದರೆ ಇನ್ನೂ ಚಿತ್ರ ಬೇಕು.

ಎರಡನೆಯದು ಇನ್ನೂ ಖಡಕ್. ಒಂದೂವರೆ ಸೆಂಟಿಮೀಟರ್ ಎತ್ತರದ ೬ ಮತ್ತು ೯ಗಳನ್ನು, ನಿಮ್ಮ ತೊಲೆಯ ಅಂಕಿಯನ್ನೇ ಹೋಲುವ ಗೀರಿನ ಅಗಲದಲ್ಲಿ, ಕಂದು ಕಾಗದದ ಮೇಲೆ ಕಡುಗಂದು ಬಣ್ಣದಲ್ಲಿ ಹನ್ನೆರಡು ಬರೆಸಿ. ಕಪ್ಪು ಬಿಳುಪು ಬೇಡ, ಮರದ ಮೇಲಿನ ಗೀರು ಅಷ್ಟು ಎದ್ದು ಕಾಣುವುದಿಲ್ಲ. ಪ್ರತಿ ಅಂಕಿಗೂ ನಾಣ್ಯ ಚಿಮ್ಮಿ ೬ ಅಥವಾ ೯ ಆರಿಸಲು ಮನೆಯ ಮಕ್ಕಳಿಗೆ ಹೇಳಿ, ನೀವು ನೋಡಬೇಡಿ. ಅದನ್ನು ಆರು ಮೀಟರ್ ದೂರದಲ್ಲಿ, ಅಷ್ಟೇ ಬೆಳಕಿನಲ್ಲಿ ತೂಗುಹಾಕಿ ಅದೇ ರೀತಿ ಮೂವತ್ತು ಚಿತ್ರ ತೆಗೆದು ಕೂಡಿಸಿ ಓದಿ. ಬರೀ ಊಹೆಯಿಂದ ಸರಾಸರಿ ಆರು ಸರಿಯಾಗುತ್ತವೆ. ಹನ್ನೊಂದು ಅಥವಾ ಹನ್ನೆರಡು ಸರಿಯಾದರೆ, ಅದು ಅದೃಷ್ಟದಿಂದ ಆಗುವುದು ಸಾವಿರದಲ್ಲಿ ಮೂರು ಸಲ. ಆಗ ನಿಮ್ಮ ಫೋನು, ನಿಮ್ಮ ಕೈ, ನಿಮ್ಮ ಜೋಡಣೆ ಈ ಅಂಕಿಯನ್ನು ಓದಬಲ್ಲವು ಎಂದಾಯಿತು. ಏಳೆಂಟೇ ಸರಿಯಾದರೆ ತೊಲೆಯ ಮೇಲೆ ನೀವು ಏನು ಕಂಡರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ದೊಡ್ಡಪ್ಪನವರನ್ನೂ ಅತ್ತೆಯವರನ್ನೂ ಈ ಓದಿಗೆ ಕೂರಿಸಿ, ಇಬ್ಬರೂ ಬೇರೆ ಬೇರೆ ಬರೆದುಕೊಳ್ಳಲಿ.

ತೊಲೆಯ ಚಿತ್ರದಲ್ಲೇ ಇನ್ನೊಂದು ಸಾಕ್ಷಿ ಇದೆ. ಆ ಇಸವಿಯ ೧ ಮತ್ತು ೮ರ ಬಗ್ಗೆ ಯಾರಿಗೂ ತಕರಾರಿಲ್ಲ. ಅವುಗಳ ಗೀರು ಒಂದೇ ಅಗಲದಲ್ಲಿ, ತುದಿಗಳು ಬಿಡಿಯಾಗಿ ಬಂದಿವೆಯೇ ನೋಡಿ. ಅವು ಎರಡೆರಡಾಗಿ ಕಂಡರೆ ಜೋಡಣೆ ತಪ್ಪಿದೆ, ಮೂರನೇ ಅಂಕಿಯ ಬಾಲವನ್ನು ಓದಲು ಹೋಗಬೇಡಿ.

ಟಾರ್ಚನ್ನು ಎಡಕ್ಕಿಟ್ಟು ಮೂವತ್ತು, ಬಲಕ್ಕಿಟ್ಟು ಮೂವತ್ತು ತೆಗೆಯಿರಿ, ಎರಡನ್ನೂ ಬೆರೆಸದೆ ಬೇರೆಯಾಗಿಯೇ ಕೂಡಿಸಿ. ಉಳಿಯ ಗೀರಿನ ನೆರಳು ಬೆಳಕಿನ ದಿಕ್ಕಿಗೆ ತಕ್ಕಂತೆ ಪಕ್ಕ ಬದಲಿಸುತ್ತದೆ, ಮರದ ಕಪ್ಪು ಕಲೆ ಬದಲಿಸುವುದಿಲ್ಲ. ಬಾಲ ಎಂದು ಕಂಡದ್ದು ಎರಡರಲ್ಲೂ ಹಾಗೇ ನಿಂತಿದ್ದರೆ ಅದು ಕೆತ್ತನೆಯಲ್ಲ, ಬಹುಶಃ ಗೆದ್ದಲಿನ ಮಣ್ಣು ಅಥವಾ ಅಡುಗೆ ಹೊಗೆಯ ಮಸಿ. ಅಂಥ ಜಾಗದಲ್ಲಿ ಮರಕ್ಕೆ ಗೆದ್ದಲಿನ ಮದ್ದು ಮಾಡಿಸುವಾಗ ಹೇಗೂ ಅಟ್ಟಣಿಗೆ ಕಟ್ಟುತ್ತಾರೆ, ಆಗ ಹತ್ತಿರದಿಂದ ಒಂದು ಚಿತ್ರ ತೆಗೆದರೆ ಸಾಕು.